ನೂರಕ್ಕೆ ಹತ್ತು ಅಂದವರ ಸಾಲ ವರ್ಷಕ್ಕೆ ಎಂಬತ್ತೊಂದು ಆಗುವುದು ಹೇಗೆ? ಸಂಘದ ಸಭೆಗೊಂದು ಇಪ್ಪತ್ತು ನಿಮಿಷದ ಮಾತು

ಹತ್ತು ಸಾವಿರ ಸಾಲ. ಸಾವಿರ ಮೊದಲೇ ಮುರಿದುಕೊಂಡು ಒಂಬತ್ತು ಸಾವಿರ ಕೈಗೆ ಕೊಡುತ್ತಾರೆ. ಮಾರನೇ ದಿನದಿಂದ ದಿನಕ್ಕೆ ನೂರು ರೂಪಾಯಿಯಂತೆ ನೂರು ದಿನ ಕಟ್ಟಬೇಕು. ಸಂಜೆ ಹೊತ್ತು ಬೈಕಿನಲ್ಲಿ ಹುಡುಗ ಬರುತ್ತಾನೆ, ನೂರು ಇಸಕೊಂಡು ಕಾರ್ಡಿನಲ್ಲಿ ಒಂದು ಗೀಟು ಹಾಕಿ ಹೋಗುತ್ತಾನೆ. ಬಡ್ಡಿ ಎಷ್ಟು ಅಂತ ಕೇಳಿದರೆ ಉತ್ತರ ಸಿದ್ಧ: ‘ನೂರಕ್ಕೆ ಹತ್ತು ಅಷ್ಟೇ ಅಕ್ಕ.’

ಹಳ್ಳಿಯಲ್ಲಿ ದಿನದ ಸಾಲ ಅಂದರೆ ಹೆಚ್ಚುಕಡಿಮೆ ಹೀಗೇ. ಸ್ತ್ರೀಶಕ್ತಿ ಸಂಘದಲ್ಲೋ ಸಂಜೀವಿನಿ ಗುಂಪಿನಲ್ಲೋ ಪುಸ್ತಕ ಬರೆಯುವವರು ನೀವಾಗಿದ್ದರೆ, ಈ ಒಂದು ಲೆಕ್ಕವನ್ನು ಸಭೆಯಲ್ಲಿ ಬಿಡಿಸಿ ಹೇಳಬಹುದು. ಒಂದೇ ಲೆಕ್ಕ ಸಾಕು. ಎರಡು ಮೂರು ಸಾಲಗಳ ಉದಾಹರಣೆ ತೆಗೆದುಕೊಂಡರೆ ಯಾವುದೂ ತಲೆಯಲ್ಲಿ ಉಳಿಯುವುದಿಲ್ಲ.

ಮೊದಲು ಬೀಜ, ಆಮೇಲೆ ಅಂಕಿ

ಬೇಕಾಗಿರುವುದು ಇಪ್ಪತ್ತು ಹುಣಸೆ ಬೀಜ, ಒಂದು ಸೀಮೆಸುಣ್ಣ, ಬರೆಯಲು ಅಂಗನವಾಡಿಯ ಬೋರ್ಡೋ ನೆಲವೋ. ಒಂದು ಬೀಜ ಅಂದರೆ ಸಾವಿರ ರೂಪಾಯಿ ಅಂತ ಮೊದಲೇ ಹೇಳಿಬಿಡಿ. ಇಬ್ಬರನ್ನು ಮುಂದೆ ಕರೆಯಿರಿ. ಒಬ್ಬರು ಸಾಹುಕಾರಮ್ಮ, ಇನ್ನೊಬ್ಬರು ಸೊಪ್ಪು ಮಾರುವ ಅಕ್ಕ. ನಗು ಬರುತ್ತದೆ, ಬರಲಿ.

ಇಲ್ಲೊಂದು ಎಚ್ಚರ. ‘ನಿಮ್ಮಲ್ಲಿ ಯಾರು ಯಾರು ದಿನದ ಸಾಲ ತಗೊಂಡಿದ್ದೀರಿ?’ ಅಂತ ಕೇಳಲೇಬೇಡಿ. ಮನೆಯಲ್ಲಿ ಹೇಳದೆ ತೆಗೆದುಕೊಂಡವರು ಇರುತ್ತಾರೆ. ಸಾಲ ಕೊಡುವವರ ಕಡೆಯವರೇ ಚಾಪೆಯ ಮೇಲೆ ಕೂತಿರಬಹುದು. ಹಾಗೆ ಕೇಳಿದ ಮರುಕ್ಷಣ ಸಭೆ ಬಾಯಿ ಮುಚ್ಚಿಕೊಳ್ಳುತ್ತದೆ.

ಸಾಹುಕಾರಮ್ಮ ಹತ್ತು ಬೀಜ ಎಣಿಸಿ, ಒಂದನ್ನು ತಾನೇ ಇಟ್ಟುಕೊಂಡು, ಒಂಬತ್ತು ಕೊಡಲಿ. ದಿನಕ್ಕೆ ನೂರು ಅಂದರೆ ಹತ್ತು ದಿನಕ್ಕೆ ಒಂದು ಬೀಜ. ನೀವು ‘ಹತ್ತು ದಿನ ಆಯ್ತು’ ಅಂದಾಗಲೆಲ್ಲ ಅಕ್ಕ ಒಂದು ಬೀಜ ವಾಪಸ್ ಕೊಡಬೇಕು. ಹತ್ತು, ಇಪ್ಪತ್ತು, ಮೂವತ್ತು. ಐವತ್ತನೇ ದಿನ ಆಟ ನಿಲ್ಲಿಸಿ ಕೇಳಿ: ‘ಈಗ ನಿನ್ನ ಕೈಯಲ್ಲಿ ಎಷ್ಟಿದೆ?’ ನಾಲ್ಕು. ಆದರೆ ಬಡ್ಡಿ ಮುರಿದುಕೊಂಡದ್ದು ಹತ್ತಕ್ಕೆ, ಅದೂ ಮೊದಲ ದಿನವೇ.

ತೊಂಬತ್ತನೇ ದಿನಕ್ಕೆ ಕೈ ಖಾಲಿ. ಸಾಹುಕಾರಮ್ಮ ಮತ್ತೆ ಕೈ ಚಾಚುತ್ತಾಳೆ, ಯಾಕಂದರೆ ನೂರು ದಿನ ಆಗಬೇಕಾದರೆ ಇನ್ನೊಂದು ಬೀಜ ಬಾಕಿ. ‘ಹತ್ತನೇದು ಎಲ್ಲಿಂದ ತರಲಿ?’ ಅಂತ ಅಕ್ಕ ಕೇಳುತ್ತಾಳೆ. ಕೇಳದಿದ್ದರೆ ನೀವು ಕೇಳಿ. ಆ ಬೀಜವೇ ಬಡ್ಡಿ. ಸೊಪ್ಪು ಮಾರಿದ ಲಾಭದಲ್ಲಿ ಅದು ಬರಬೇಕು, ಇಲ್ಲದಿದ್ದರೆ ಮನೆ ಖರ್ಚಿನಲ್ಲಿ ಕಡಿಮೆ ಮಾಡಬೇಕು.

ಮೂರು ಮೆಟ್ಟಿಲು

ಈಗ ಸೀಮೆಸುಣ್ಣ ತೆಗೆದುಕೊಳ್ಳಿ. ಬೋರ್ಡಿನ ಮೂಲೆಯಲ್ಲಿ 10 ಅಂತ ಬರೆಯಿರಿ. ಅದು ಅವರು ಹೇಳಿದ ಬಡ್ಡಿ. ಇದು ಮೂರು ಸಲ ಬದಲಾಗುತ್ತದೆ.

ಮೊದಲನೇದು: ಅಕ್ಕನ ಕೈಗೆ ಹತ್ತು ಸಾವಿರ ಬರಲೇ ಇಲ್ಲ, ಬಂದದ್ದು ಒಂಬತ್ತು. 9,000ಕ್ಕೆ 1,000 ಬಡ್ಡಿ ಅಂದರೆ ನೂರಕ್ಕೆ 11. ಇದು ದೊಡ್ಡ ವ್ಯತ್ಯಾಸವಲ್ಲ, ಬೇಗ ಮುಗಿಸಿ.

ಎರಡನೇದರಲ್ಲೇ ವಿಷಯ ಇರುವುದು, ಇಲ್ಲಿ ಅವಸರ ಬೇಡ. ಆ ಒಂಬತ್ತು ಸಾವಿರವೂ ನೂರು ದಿನ ಅವಳ ಹತ್ತಿರ ಇರಲಿಲ್ಲ. ಮೊದಲ ಹತ್ತು ದಿನ ಒಂಬತ್ತು ಬೀಜ, ಮುಂದಿನ ಹತ್ತು ದಿನ ಎಂಟು, ಆಮೇಲೆ ಏಳು. ಹೀಗೆ ಇಳಿಯುತ್ತಾ ಕೊನೆಯ ಹತ್ತು ದಿನ ಸೊನ್ನೆ. ಬೋರ್ಡಿನಲ್ಲಿ ಸಾಲಾಗಿ ಬರೆದು ಎಲ್ಲರ ಬಾಯಲ್ಲೂ ಕೂಡಿಸಿ: 9, 8, 7, 6, 5, 4, 3, 2, 1, 0. ಒಟ್ಟು 45. ಹತ್ತು ಸಲಕ್ಕೆ 45 ಅಂದರೆ ಒಂದು ಸಲಕ್ಕೆ ನಾಲ್ಕೂವರೆ. ಅಂದರೆ ಸರಾಸರಿ ಅವಳ ಹತ್ತಿರ ಇದ್ದದ್ದು 4,500 ರೂಪಾಯಿ ಮಾತ್ರ. ಸಾವಿರ ಬಡ್ಡಿ ಕೊಟ್ಟದ್ದು ಅಷ್ಟಕ್ಕೆ. ನೂರಕ್ಕೆ 22 ಆಯಿತು.

ಮೂರನೇದು: ಈ 22 ನೂರು ದಿನಕ್ಕೆ. ವರ್ಷಕ್ಕೆ 365 ದಿನ. ಇದೇ ಸಾಲವನ್ನು ಒಂದಾದ ಮೇಲೊಂದು ತೆಗೆದುಕೊಳ್ಳುತ್ತಾ ಹೋದರೆ ವರ್ಷಕ್ಕೆ ಮೂರೂವರೆಗಿಂತ ಸ್ವಲ್ಪ ಜಾಸ್ತಿ ಸಲ ಆಗುತ್ತದೆ. ಬಡ್ಡಿ 3,650 ರೂಪಾಯಿ. ವರ್ಷವಿಡೀ ಕೈಯಲ್ಲಿದ್ದ ಹಣ ಸರಾಸರಿ 4,500. ಭಾಗಿಸಿದರೆ ನೂರಕ್ಕೆ 81. ಮೂಲೆಯ 10 ಅಳಿಸಿ 81 ಬರೆಯಿರಿ.

(ಬ್ಯಾಂಕಿನವರು ಕಂಪ್ಯೂಟರಿನಲ್ಲಿ ದಿನದಿನದ ಲೆಕ್ಕ ಹಾಕಿದರೆ 78ರ ಆಸುಪಾಸು ಬರುತ್ತದೆ. ನಮ್ಮ ಬೀಜದ ಲೆಕ್ಕ ಸ್ವಲ್ಪ ಒರಟು. ಚಾಪೆಯ ಮೇಲೆ ಕೂತವರಿಗೆ ಆ ಮೂರು ರೂಪಾಯಿಯ ವ್ಯತ್ಯಾಸ ಮುಖ್ಯವಲ್ಲ.)

ಆದರೆ 81ಕ್ಕೇ ನಿಲ್ಲಿಸಬೇಡಿ. ಹಳ್ಳಿಯಲ್ಲಿ ಯಾರೂ ಶೇಕಡಾ ಲೆಕ್ಕದಲ್ಲಿ ಸಾಲ ತೂಗುವುದಿಲ್ಲ. ‘ಎರಡು ರೂಪಾಯಿ ಬಡ್ಡಿ’, ‘ಮೂರು ರೂಪಾಯಿ ಬಡ್ಡಿ’ ಅನ್ನುತ್ತಾರೆ, ಅಂದರೆ ತಿಂಗಳಿಗೆ ನೂರಕ್ಕೆ ಎರಡು, ಮೂರು. 81ನ್ನು 12ರಿಂದ ಭಾಗಿಸಿದರೆ ಆರೂಮುಕ್ಕಾಲು. ದಿನದ ಸಾಲ ಅಂದರೆ ಹೆಚ್ಚುಕಡಿಮೆ ಏಳು ರೂಪಾಯಿ ಬಡ್ಡಿ! ಮೂರು ರೂಪಾಯಿ ಬಡ್ಡಿ ಅಂದರೇ ‘ಅಯ್ಯೋ, ಜಾಸ್ತಿಯಾಯ್ತು’ ಅನ್ನುವವರಿಗೆ ಈ ಮಾತು ಸೀದಾ ತಾಗುತ್ತದೆ. ನನ್ನನ್ನು ಕೇಳಿದರೆ ಇಡೀ ಸಭೆಯಲ್ಲಿ ಬೇರೇನು ಮರೆತರೂ ‘ಏಳು ರೂಪಾಯಿ ಬಡ್ಡಿ’ ಅನ್ನುವುದೊಂದು ನೆನಪಿದ್ದರೆ ಸಾಕು.

‘ನಾನು ಕಟ್ಟೋದು ಸಾವಿರ ತಾನೇ?’

ಈ ಪ್ರಶ್ನೆ ಬಂದೇ ಬರುತ್ತದೆ. ಕೇಳಿದವಳು ತಪ್ಪಾಗಿ ಕೇಳುತ್ತಿಲ್ಲ. ಒಂದೇ ಒಂದು ಸಲ ತೆಗೆದುಕೊಂಡು, ನೂರು ದಿನಕ್ಕೆ ತೀರಿಸಿ, ಅಲ್ಲಿಗೆ ಬಿಟ್ಟರೆ ಅವಳ ಕೈಯಿಂದ ಹೋಗುವುದು ಸಾವಿರವೇ. ಎಂಬತ್ತೊಂದು ಅನ್ನುವುದು ಅವಳು ಕಟ್ಟುವ ಮೊತ್ತವಲ್ಲ. ಒಂದು ಸಾಲವನ್ನು ಇನ್ನೊಂದರ ಪಕ್ಕ ಇಟ್ಟು ನೋಡುವ ಅಳತೆ. ಇದನ್ನು ಒಪ್ಪಿಕೊಂಡೇ ಮುಂದೆ ಹೋಗಿ.

ಪಕ್ಕ ಇಟ್ಟು ತೋರಿಸುವುದೂ ಸುಲಭ. ಅದೇ ಒಂಬತ್ತು ಸಾವಿರವನ್ನು ಸಂಘದಿಂದ ಎರಡು ರೂಪಾಯಿ ಬಡ್ಡಿಗೆ ತೆಗೆದುಕೊಂಡಳು ಅನ್ನೋಣ. ತಿಂಗಳಿಗೆ ಮೂರು ಸಾವಿರ ಅಸಲಿನಂತೆ ಮೂರು ತಿಂಗಳಲ್ಲಿ ತೀರಿಸುತ್ತಾಳೆ. ಉಳಿದ ಅಸಲಿಗೆ ಮಾತ್ರ ಬಡ್ಡಿ. ಮೊದಲ ತಿಂಗಳು 180, ಎರಡನೇ ತಿಂಗಳು 120, ಮೂರನೇದು 60. ಒಟ್ಟು 360 ರೂಪಾಯಿ. ಅಲ್ಲಿ ಸಾವಿರ, ಇಲ್ಲಿ ಮುನ್ನೂರ ಅರವತ್ತು. ಎರಡು ಕಡೆಯೂ ಹೆಚ್ಚುಕಡಿಮೆ ಅಷ್ಟೇ ದಿನ.

ಹಾಗಾದರೆ ಸಂಘ ಇದ್ದೂ ದಿನದ ಸಾಲಕ್ಕೆ ಯಾಕೆ ಹೋಗುತ್ತಾರೆ? ಸಂಘದ ಸಾಲಕ್ಕೆ ಸಭೆ ಸೇರಬೇಕು, ನಡಾವಳಿ ಬರೆಯಬೇಕು, ಸರದಿ ಕಾಯಬೇಕು. ಮಗುವಿಗೆ ರಾತ್ರಿ ಜ್ವರ ಬಂದರೆ ಮಂಗಳವಾರದ ಸಭೆಯ ತನಕ ಕಾಯಲು ಆಗುತ್ತಾ? ಬೈಕಿನ ಹುಡುಗ ಬಾಗಿಲಿಗೆ ಬಂದು ಕೊಡುತ್ತಾನೆ. ಜನ ಸುಮ್ನೆ ಆ ಕಡೆ ಹೋಗುವುದಿಲ್ಲ. ಇದಕ್ಕೆ ಉತ್ತರ ಭಾಷಣದಲ್ಲಿಲ್ಲ, ಸಂಘದ ಪೆಟ್ಟಿಗೆಯಲ್ಲಿದೆ. ಉಳಿತಾಯದಲ್ಲಿ ಒಂದಷ್ಟನ್ನು ತುರ್ತಿಗೆ ಅಂತ ಬೇರೆ ಇಟ್ಟು, ಇಬ್ಬರು ಪ್ರತಿನಿಧಿಗಳು ಒಪ್ಪಿದರೆ ಅದೇ ದಿನ ಕೊಡಬಹುದು, ಮುಂದಿನ ಸಭೆಯಲ್ಲಿ ಬರೆಯುತ್ತೇವೆ ಅಂತ ನಿರ್ಣಯ ಮಾಡಿಕೊಳ್ಳಬಹುದು.

ಇದೇ ದಿನಕ್ಕಿಷ್ಟು ಅನ್ನುವ ಅಭ್ಯಾಸ ನಮ್ಮಲ್ಲಿ ಉಳಿತಾಯಕ್ಕೂ ಇದೆ. ಪಿಗ್ಮಿ ಯಾರಿಗೆ ಗೊತ್ತಿಲ್ಲ? ಮುಂದೆ ಸಿಂಡಿಕೇಟ್ ಬ್ಯಾಂಕ್ ಆದ ಉಡುಪಿಯ ಬ್ಯಾಂಕು 1928ರಲ್ಲಿ ಅದನ್ನು ಶುರು ಮಾಡಿತು. ದಿನಕ್ಕೆ ನೂರು ಕಟ್ಟುವ ಶಕ್ತಿ ಇರುವವಳು ತೊಂಬತ್ತು ದಿನ ಪಿಗ್ಮಿ ಕಟ್ಟಿದರೆ ಒಂಬತ್ತು ಸಾವಿರ ಅವಳದ್ದೇ. ಇವತ್ತೇ ದುಡ್ಡು ಬೇಕಾದವಳಿಗೆ ಇದನ್ನು ಹೇಳಿದರೆ ಸಿಟ್ಟು ಬರುತ್ತದೆ, ಅದೂ ನಿಜ.

ಲೆಕ್ಕ ಕೆಡುವ ಜಾಗ

ದಿನದ ಸಾಲ ಕುತ್ತಿಗೆಗೆ ಬರುವುದು ಸಾಮಾನ್ಯವಾಗಿ ಅರವತ್ತನೇ ದಿನದ ಹೊತ್ತಿಗೆ. ‘ಚೆನ್ನಾಗಿ ಕಟ್ಟಿದ್ದೀರಿ ಅಕ್ಕ, ಹೊಸ ಸಾಲ ಕೊಡ್ತೀನಿ’ ಅನ್ನುತ್ತಾರೆ. ಆಗ ಹಳೇ ಬಾಕಿ ನಾಲ್ಕು ಸಾವಿರ. ಹೊಸ ಹತ್ತು ಸಾವಿರದಲ್ಲಿ ಅದನ್ನು ಮುರಿದುಕೊಂಡು, ಹೊಸ ಬಡ್ಡಿ ಸಾವಿರ ಮುರಿದುಕೊಂಡು, ಕೈಗೆ ಐದು ಸಾವಿರ ಕೊಡುತ್ತಾರೆ. ಗಮನಿಸಿ, ಹಳೇ ಸಾಲದ ನೂರು ದಿನದ ಬಡ್ಡಿ ಪೂರ್ತಿ ಹೋಯಿತು, ಸಾಲ ನಡೆದದ್ದು ಅರವತ್ತೇ ದಿನ. ನಲವತ್ತು ದಿನದ ಬಡ್ಡಿ ಯಾರೂ ವಾಪಸ್ ಕೊಡಲಿಲ್ಲ. ಹೀಗಾದಾಗ 81 ಇದ್ದದ್ದು 90 ದಾಟುತ್ತದೆ. ಕೈಗೆ ಬಂದದ್ದು ಐದು ಸಾವಿರ, ಕಟ್ಟಬೇಕಾದ್ದು ಮತ್ತೆ ನೂರು ದಿನ ನೂರು ರೂಪಾಯಿ. ಬೀಜಗಳನ್ನು ಇನ್ನೊಮ್ಮೆ ಕೊಟ್ಟು ಇದನ್ನೂ ಆಡಿಸಿ. ಅರವತ್ತನೇ ದಿನಕ್ಕೆ ನಿಲ್ಲಿಸಿ, ಸಾಹುಕಾರಮ್ಮ ಹತ್ತು ಎಣಿಸಿ ಐದನ್ನು ತನ್ನ ಕಡೆ ಎಳೆದುಕೊಳ್ಳುವುದನ್ನು ಎಲ್ಲರೂ ನೋಡಲಿ.

ಸಂತೆಯಲ್ಲಿ ವ್ಯಾಪಾರ ಮಾಡುವವರು ಮೀಟರ್ ಬಡ್ಡಿ ಬಗ್ಗೆ ಕೇಳಿದರೆ ಒಂದೇ ಮಾತು ಹೇಳಿ. ಬೆಳಿಗ್ಗೆ 900 ತೆಗೆದುಕೊಂಡು ಸಂಜೆ 1,000 ಕೊಡುವವರು ಒಂಬತ್ತು ದಿನದಲ್ಲಿ ಅಸಲಿನಷ್ಟೇ ಬಡ್ಡಿ ಕೊಟ್ಟಿರುತ್ತಾರೆ. ಅಸಲು ಹತ್ತನೇ ದಿನವೂ ಬೇರೆಯವರದ್ದೇ.

ಕಾನೂನಿನ ವಿಷಯ ಚಿಕ್ಕದಾಗಿ ಹೇಳಿ. ಸಾಲ ಕೊಡುವುದನ್ನೇ ಕಸುಬು ಮಾಡಿಕೊಂಡವರು ಪರವಾನಗಿ ಪಡೆಯಬೇಕು ಅಂತ ರಾಜ್ಯದಲ್ಲಿ 1961ರ ಕಾಯ್ದೆ ಇದೆ. ವಿಪರೀತ ಬಡ್ಡಿ ತಡೆಯಲು 2004ರ ಕಾಯ್ದೆ ಇದೆ. ವಸೂಲಿಗೆ ಬಂದು ಹೆದರಿಸುವುದು, ಪೀಡಿಸುವುದರ ವಿರುದ್ಧ 2025ರಲ್ಲಿ ಇನ್ನೊಂದು ಬಂದಿದೆ. ರಿಸರ್ವ್ ಬ್ಯಾಂಕಿನ ಕೆಳಗೆ ಬರುವ ಮೈಕ್ರೋಫೈನಾನ್ಸ್ ಕಂಪನಿಯಾದರೆ, ಎಲ್ಲ ಖರ್ಚು ಸೇರಿಸಿದ ವರ್ಷದ ಬಡ್ಡಿ ದರವನ್ನು ಸಾಲಗಾರರಿಗೆ ಅರ್ಥವಾಗುವ ಭಾಷೆಯಲ್ಲಿ ಬರೆದೇ ಕೊಡಬೇಕು. ಬೈಕಿನ ಹುಡುಗನ ಕಾರ್ಡಿನಲ್ಲಿ ಅದನ್ನು ಹುಡುಕಿದರೆ ಗೀಟುಗಳು ಮಾತ್ರ ಕಾಣುತ್ತವೆ. ಆದರೂ ಆ ಕಾರ್ಡನ್ನು ಜೋಪಾನವಾಗಿ ಇಟ್ಟುಕೊಳ್ಳಲಿ. ಎಷ್ಟು ಕಟ್ಟಿದೆ ಅನ್ನುವುದಕ್ಕೆ ಅವಳ ಹತ್ತಿರ ಇರುವ ದಾಖಲೆ ಅದೊಂದೇ.

ಕೊನೆಗೆ ಅವರೇ ಒಂದು ಲೆಕ್ಕ ಮಾಡಲಿ. ಸಾಲ 5,000. ಕೈಗೆ ಬಂದದ್ದು 4,250. ದಿನಕ್ಕೆ 50 ರೂಪಾಯಿ, ನೂರು ದಿನ. ನೀವು ಬಾಯಿ ಬಿಡಬೇಡಿ, ಅವರೇ ಹೇಳಲಿ. ಬಡ್ಡಿ 750. ಸರಾಸರಿ ಹತ್ತಿರ ಇದ್ದದ್ದು, ಮೊದಲ ಲೆಕ್ಕದ ಹಾಗೇ, ಕೈಗೆ ಬಂದದ್ದರಲ್ಲಿ ಅರ್ಧ, ಅಂದರೆ 2,125. ವರ್ಷಕ್ಕೆ ಬಡ್ಡಿ 750ರ ಮೂರೂವರೆ ಪಾಲಿಗಿಂತ ತುಸು ಜಾಸ್ತಿ, ಅಂದರೆ 2,737. ನೂರಕ್ಕೆ ಹತ್ತಿರ ಹತ್ತಿರ 129 ಬರುತ್ತದೆ. ಹನ್ನೆರಡರಿಂದ ಭಾಗಿಸಿದರೆ ಹತ್ತೂಮುಕ್ಕಾಲು ರೂಪಾಯಿ ಬಡ್ಡಿ. ಸಾಲ ಹತ್ತು ಸಾವಿರದಿಂದ ಐದು ಸಾವಿರಕ್ಕೆ ಇಳಿದರೂ ಬಡ್ಡಿ ಏರಿತಲ್ಲ, ಯಾಕೆ ಅಂತ ಯಾರಾದರೂ ಕೇಳಿದರೆ, ಮುರಿದುಕೊಂಡ 750ನ್ನು ತೋರಿಸಿ. ಮೊದಲ ಸಾಲದಲ್ಲಿ ನೂರಕ್ಕೆ ಹತ್ತು ಮುರಿದಿದ್ದರು, ಇದರಲ್ಲಿ ಹದಿನೈದು.