ಅವ್ವನ ತಾಟಿನಲ್ಲಿ ಪ್ರೋಟೀನ್ ಎಷ್ಟು? ಎರಡು ಲೆಕ್ಕ ಹಾಕಿ ನೋಡಿ

ಕಲಬುರಗಿಯ ನಮ್ಮ ಮನೆಯಲ್ಲಿ ಅವ್ವ ಮತ್ತು ತಮ್ಮ ಉಣ್ಣುವುದು ಒಂದೇ ಅಡುಗೆ. ಜೋಳದ ರೊಟ್ಟಿ, ತೊಗರಿ ಬೇಳೆ, ಒಂದು ಪಲ್ಯ, ಸ್ವಲ್ಪ ಅನ್ನ. ತಮ್ಮ ಹೊಲದಿಂದ ಬಂದವನೇ ಒಂದೇ ಹೊತ್ತಿಗೆ ನಾಲ್ಕು ರೊಟ್ಟಿ ತಿನ್ನುತ್ತಾನೆ. ಅವ್ವನಿಗೆ ಇಡೀ ದಿನಕ್ಕೆ ಮೂರು ರೊಟ್ಟಿ ಸಾಕು. ಅಡುಗೆ ಒಂದೇ ಆದ ಮೇಲೆ ಪ್ರೋಟೀನ್ ಕೂಡ ಇಬ್ಬರಿಗೂ ಸರಿಯಾಗಿಯೇ ಸಿಗುತ್ತದೆ ಎಂದುಕೊಂಡಿದ್ದೆ. ಒಂದು ದಿನ ಕೂತು ಲೆಕ್ಕ ಹಾಕಿದೆ. ತಮ್ಮನಿಗೆ ಬೇಕಾದ್ದಕ್ಕಿಂತ ಜಾಸ್ತಿ ಸಿಗುತ್ತಿತ್ತು. ಅವ್ವನಿಗೆ 14 ಗ್ರಾಂ ಕಡಿಮೆ ಬೀಳುತ್ತಿತ್ತು.

ಆ ಲೆಕ್ಕ ನೀವೂ ಹಾಕಬಹುದು. ಬೇಕಾಗುವುದು ಎರಡೇ ಅಂಕಿ: ಆಹಾರದಲ್ಲಿ ಪ್ರೋಟೀನ್ ಎಷ್ಟು ಗ್ರಾಂ, ಕ್ಯಾಲರಿ ಎಷ್ಟು. ಪೊಟ್ಟಣದ ಹಿಂದೆ ಕ್ಯಾಲರಿಯನ್ನು kcal ಎಂದು ಬರೆದಿರುತ್ತಾರೆ.

ಮೊದಲು ಒಂದು ಪದಾರ್ಥ ತೆಗೆದುಕೊಳ್ಳಿ

ನಮ್ಮ ಜಿಲ್ಲೆಯ ತೊಗರಿಯಿಂದಲೇ ಶುರು ಮಾಡೋಣ. 100 ಗ್ರಾಂ ಒಣ ಬೇಳೆಯಲ್ಲಿ ಸುಮಾರು 22 ಗ್ರಾಂ ಪ್ರೋಟೀನ್, 335 ಕ್ಯಾಲರಿ ಇರುತ್ತದೆ. ಒಂದು ಗ್ರಾಂ ಪ್ರೋಟೀನ್ ಕೊಡುವುದು 4 ಕ್ಯಾಲರಿ. ಹಾಗಾಗಿ ಸೂತ್ರಗಳು ಹೀಗೆ:

```
100 ಕ್ಯಾಲರಿಗೆ ಎಷ್ಟು ಗ್ರಾಂ = ಪ್ರೋಟೀನ್ ÷ ಕ್ಯಾಲರಿ × 100
ಕ್ಯಾಲರಿಯಲ್ಲಿ ಶೇಕಡಾ ಎಷ್ಟು = ಪ್ರೋಟೀನ್ × 4 ÷ ಕ್ಯಾಲರಿ × 100
```

ಬೇಳೆಗೆ ಮೊದಲ ಉತ್ತರ 6.6 ಗ್ರಾಂ, ಎರಡನೆಯದು ಶೇ 26. ಎರಡನೆಯದು ಮೊದಲನೆಯದರ ನಾಲ್ಕು ಪಟ್ಟು, ಅಷ್ಟೇ. ಹಾಗಾದರೆ ಎರಡೂ ಯಾಕೆ ಬೇಕು? ಎರಡೂ ಉತ್ತರಿಸುವ ಪ್ರಶ್ನೆ ಬೇರೆ. ಈ ಆಹಾರ ಎಂಥದ್ದು, ಇದರಲ್ಲಿ ಪ್ರೋಟೀನಿನ ಪಾಲೆಷ್ಟು, ಉಳಿದದ್ದು ಹಿಟ್ಟು ಮತ್ತು ಎಣ್ಣೆಯ ಪಾಲೆಷ್ಟು ಎಂದು ಶೇಕಡಾ ಹೇಳುತ್ತದೆ. ನಾನು ಇಷ್ಟು ತಿಂದರೆ ನನ್ನ ದಿನದ ಲೆಕ್ಕಕ್ಕೆ ಎಷ್ಟು ಗ್ರಾಂ ಸೇರುತ್ತದೆ ಎಂದು 100 ಕ್ಯಾಲರಿಯ ಅಂಕಿ ಹೇಳುತ್ತದೆ.

ಶೇಂಗಾ ನೋಡಿ. ತೂಕದಲ್ಲಿ ಅದು ಬೇಳೆಗಿಂತ ಮುಂದೆ, 100 ಗ್ರಾಂಗೆ ಸುಮಾರು 24 ಗ್ರಾಂ ಪ್ರೋಟೀನ್. ಆದರೆ ಎಣ್ಣೆ ತುಂಬಿರುವುದರಿಂದ ಕ್ಯಾಲರಿ 520ರ ಹತ್ತಿರ ಹೋಗುತ್ತದೆ. ಲೆಕ್ಕ ಹಾಕಿದರೆ 100 ಕ್ಯಾಲರಿಗೆ 4.6 ಗ್ರಾಂ, ಶೇ 18. ಜೋಳದ ಹಿಟ್ಟಿನಲ್ಲಿ 10 ಗ್ರಾಂ ಪ್ರೋಟೀನ್, 335 ಕ್ಯಾಲರಿ, ಅಂದರೆ 100 ಕ್ಯಾಲರಿಗೆ 3 ಗ್ರಾಂ, ಶೇ 12.

ಈ ರೀತಿ ಅಳೆಯುವುದರಲ್ಲಿ ಇನ್ನೊಂದು ಅನುಕೂಲ ಇದೆ. ಬೇಳೆಗೆ ನೀರು ಜಾಸ್ತಿ ಹಾಕಿ ತಿಳಿ ಸಾರು ಮಾಡಿದರೂ ಈ ಎರಡು ಅಂಕಿ ಬದಲಾಗುವುದಿಲ್ಲ. ನೀರಿನಲ್ಲಿ ಕ್ಯಾಲರಿಯೂ ಇಲ್ಲ, ಪ್ರೋಟೀನೂ ಇಲ್ಲ. ಒಗ್ಗರಣೆಗೆ ಎಣ್ಣೆ ಸುರಿದರೆ ಮಾತ್ರ ಇಳಿಯುತ್ತವೆ.

ಈಗ ಇಡೀ ದಿನದ್ದು

ಅವ್ವ ತಿಂದದ್ದನ್ನೆಲ್ಲಾ ಒಂದು ದಿನ ಬರೆದುಕೊಂಡೆ. ಬೇಳೆ, ಅಕ್ಕಿ, ಹಿಟ್ಟನ್ನು ಬೇಯಿಸುವ ಮೊದಲೇ ತೂಗಿದೆ. ಬೆಂದ ಮೇಲೆ ತೂಗಿದರೆ ನೀರೂ ಸೇರಿ ಪೂರ್ತಿ ಲೆಕ್ಕ ಕೆಡುತ್ತದೆ. ಮೂರು ರೊಟ್ಟಿಗೆ 150 ಗ್ರಾಂ ಹಿಟ್ಟು ಹಿಡಿಯಿತು: 500 ಕ್ಯಾಲರಿ, 15 ಗ್ರಾಂ ಪ್ರೋಟೀನ್. 50 ಗ್ರಾಂ ಅಕ್ಕಿಯಿಂದ 4 ಗ್ರಾಂ. ಸಾರಿನಲ್ಲಿ ಅವಳ ಪಾಲಿಗೆ ಬಂದ ಬೇಳೆ ಬರೀ 20 ಗ್ರಾಂ, ಅದರಿಂದ 4.4. ಚಹಾದ ಹಾಲಿನಿಂದ 5, ಪಲ್ಯದಿಂದ 2, ಚಹಾದ ಜೊತೆ ತಿಂದ ನಾಲ್ಕು ಬಿಸ್ಕೀಟಿನಿಂದ ಎರಡಕ್ಕೂ ಕಡಿಮೆ. ಎಣ್ಣೆ, ಸಕ್ಕರೆಯಿಂದ ಏನೂ ಇಲ್ಲ, ಆದರೆ ಅವುಗಳ ಕ್ಯಾಲರಿಯನ್ನು ಬಿಡದೆ ಸೇರಿಸಬೇಕು. ಎಲ್ಲಾ ಕೂಡಿದರೆ ಸುಮಾರು 1,230 ಕ್ಯಾಲರಿ, 32 ಗ್ರಾಂ ಪ್ರೋಟೀನ್.

ಶೇಕಡಾ ಲೆಕ್ಕದಲ್ಲಿ 10ರ ಮೇಲೆ ಬಂತು. ದಿನದ ಕ್ಯಾಲರಿಯಲ್ಲಿ ಶೇ 10ರಿಂದ 15ರಷ್ಟು ಪ್ರೋಟೀನಿನಿಂದ ಬರಬೇಕು ಅನ್ನುವುದು ಎಲ್ಲರೂ ಹೇಳುವ ಮಾತು. ಅಲ್ಲಿಗೇ ನಿಲ್ಲಿಸಿದ್ದರೆ ಅವ್ವ ಪಾಸ್. ಆದರೆ ದೇಹ ಬೇಡುವುದು ಗ್ರಾಂ ಲೆಕ್ಕದಲ್ಲಿ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2020ರಲ್ಲಿ ಹೇಳಿದ ಪ್ರಕಾರ ದೊಡ್ಡವರಿಗೆ ದೇಹದ ತೂಕದ ಪ್ರತಿ ಕಿಲೋಗೆ ದಿನಕ್ಕೆ 0.83 ಗ್ರಾಂ ಬೇಕು. ಅವ್ವನ ತೂಕ 55 ಕಿಲೋ. ಅಂದರೆ 46 ಗ್ರಾಂ ಬೇಕಿತ್ತು, ಸಿಕ್ಕಿದ್ದು 32.

ತಮ್ಮನ ತೂಕ 65 ಕಿಲೋ, ಅವನಿಗೆ 54 ಗ್ರಾಂ ಬೇಕು. ಅವನು ದಿನಕ್ಕೆ 2,700 ಕ್ಯಾಲರಿಯಷ್ಟು ಉಣ್ಣುತ್ತಾನೆ. ಅದೇ ಅಡುಗೆ, ಅದೇ ಶೇಕಡಾ, 100 ಕ್ಯಾಲರಿಗೆ ಅದೇ 2.6 ಗ್ರಾಂ. ಆದರೂ 70 ಗ್ರಾಂ ಸಿಗುತ್ತದೆ. ಜಾಸ್ತಿ ಉಣ್ಣುವವರಿಗೆ 100 ಕ್ಯಾಲರಿಗೆ 2 ಗ್ರಾಂ ಇದ್ದರೂ ನಡೆಯುತ್ತದೆ. ಕಡಿಮೆ ಉಣ್ಣುವ ಅವ್ವನಿಗೆ 100 ಕ್ಯಾಲರಿಗೆ 3.7 ಗ್ರಾಂ ಬೇಕು. ಜೋಳದಲ್ಲಿ ಇರುವುದೇ 3. ರೊಟ್ಟಿ ಎಷ್ಟೇ ಒತ್ತಾಯ ಮಾಡಿ ಬಡಿಸಿದರೂ ಈ ಕೊರತೆ ತುಂಬುವುದು ಕಷ್ಟ, ಅಲ್ವಾ?

ನಿಮ್ಮ ಮನೆಯವರಿಗೆ ಈ ಅಂಕಿ ತಿಳಿಯಬೇಕೆಂದರೆ ಬೇಕಾದ ಗ್ರಾಂ ಅನ್ನು ಅವರು ನಿಜವಾಗಿ ತಿನ್ನುವ ಕ್ಯಾಲರಿಯಿಂದ ಭಾಗಿಸಿ, 100ರಿಂದ ಗುಣಿಸಿ. ಅದಕ್ಕಿಂತ ಮೇಲಿರುವ ಪದಾರ್ಥಗಳು ಕೊರತೆ ತುಂಬುತ್ತವೆ. ಕೆಳಗಿರುವವು ಇನ್ನೂ ಎಳೆಯುತ್ತವೆ.

ಬದಲಿಸುವಾಗ

ಬಿಸ್ಕೀಟು 100 ಕ್ಯಾಲರಿಗೆ ಒಂದೂವರೆ ಗ್ರಾಂ ಕೂಡ ಕೊಡುವುದಿಲ್ಲ. ಅದನ್ನು ತೆಗೆದು 25 ಗ್ರಾಂ ಪುಠಾಣಿ ಕೊಟ್ಟೆವು. ಅವ್ವನಿಗೆ ಅಗಿಯಲು ಆಗುವುದಿಲ್ಲ, ಆದ್ದರಿಂದ ಹಿಂಡಿ ಮಾಡಿದೆವು. ಅದರಿಂದ 5.6 ಗ್ರಾಂ ಬಂತು. ಬೇಳೆಯನ್ನು 20ರಿಂದ 40 ಗ್ರಾಂಗೆ ಏರಿಸಿದೆವು. ಮಧ್ಯಾಹ್ನ ಒಂದು, ರಾತ್ರಿ ಒಂದು ಸಣ್ಣ ಬಟ್ಟಲು ಮೊಸರು ಸೇರಿಸಿದೆವು. ಚಹಾಕ್ಕೆ ಎರಡು ಚಮಚ ಸಕ್ಕರೆ ಕಡಿಮೆ ಮಾಡಿದೆವು. ಈಗ 1,350 ಕ್ಯಾಲರಿಯ ಒಳಗೇ 46 ಗ್ರಾಂ ಆಗುತ್ತಿದೆ, ಶೇಕಡಾ 14ರ ಹತ್ತಿರ. ರೊಟ್ಟಿ ಮಾತ್ರ ಮೂರೇ. ಅದನ್ನು ಮುಟ್ಟಲಿಲ್ಲ.

ಇಲ್ಲಿ ಒಂದು ತಪ್ಪು ಆಗಬಹುದು. ಶೇಕಡಾ ನೋಡಿ ಮೆಂತ್ಯ ಸೊಪ್ಪಿನ ಹಿಂದೆ ಹೋಗಬೇಡಿ. ಅದರ ಕ್ಯಾಲರಿಯಲ್ಲಿ ಪ್ರೋಟೀನಿನ ಪಾಲು ಶೇ 40ರ ಹತ್ತಿರ, ಬೇಳೆಗಿಂತಲೂ ಜಾಸ್ತಿ. ಆದರೆ ಸೊಪ್ಪಿನಿಂದ 100 ಕ್ಯಾಲರಿ ಸಿಗಬೇಕೆಂದರೆ ಬಿಡಿಸಿದ ಎಲೆಯೇ ಕಾಲು ಕಿಲೋ ಬೇಕು. ಅಷ್ಟನ್ನು ಯಾರು ತಿನ್ನುತ್ತಾರೆ? ಅದರ ಪಲ್ಯಕ್ಕೆ ಒಂದೆರಡು ಚಮಚ ಎಣ್ಣೆ ಬಿದ್ದರೆ ಶೇಕಡಾ ಕೂಡ ಅರ್ಧಕ್ಕೆ ಇಳಿಯುತ್ತದೆ. 100 ಕ್ಯಾಲರಿ ಎಂದರೆ ತಾಟಿನಲ್ಲಿ ಎಷ್ಟಾಗುತ್ತದೆ ಎಂದು ಒಮ್ಮೆ ಕಣ್ಣ ಮುಂದೆ ತಂದುಕೊಳ್ಳಿ. ಬೇಳೆಯಾದರೆ 30 ಗ್ರಾಂ, ಒಂದು ಹಿಡಿ.

ಈ ಅಂಕಿಗಳು ಪ್ರೋಟೀನ್ ಎಷ್ಟು ಎಂದು ಹೇಳುತ್ತವೆ, ಎಂಥದ್ದು ಎಂದು ಹೇಳುವುದಿಲ್ಲ. ಜೋಳದ ಪ್ರೋಟೀನಿನಲ್ಲಿ ಲೈಸಿನ್ ಎಂಬ ಅಂಶ ಕಡಿಮೆ, ಬೆಂದ ಮೇಲೆ ಅದು ಜೀರ್ಣವಾಗುವುದೂ ಸ್ವಲ್ಪ ಕಡಿಮೆ. ತೊಗರಿಯಲ್ಲಿ ಲೈಸಿನ್ ಚೆನ್ನಾಗಿದೆ. ಆದ್ದರಿಂದ ರೊಟ್ಟಿಗೆ ಬರೀ ಖಾರ ಹಚ್ಚಿಕೊಂಡು ತಿಂದ ದಿನ ಅಂಕಿ ತೋರಿಸುವುದಕ್ಕಿಂತ ಕಡಿಮೆಯೇ ಸಿಕ್ಕಿದೆ ಎಂದುಕೊಳ್ಳಿ. ಮೂತ್ರಪಿಂಡದ ತೊಂದರೆ ಇರುವವರಿಗೆ ಮಾತ್ರ 0.83ರ ಲೆಕ್ಕ ಹಾಕಬೇಡಿ. ಅವರಿಗೆ ಎಷ್ಟು ಗ್ರಾಂ ಎಂದು ಡಾಕ್ಟರೇ ಹೇಳಬೇಕು.