ಸ್ಟಂಪಿಗೆ ತಾಗಿದರೂ ನಾಟೌಟ್ ಏಕೆ? ಡಿಆರ್‌ಎಸ್ ಪರದೆ ಓದುವುದು ಹೀಗೆ

ಮ್ಯಾಚ್ ಇರುವ ದಿನ ಹಾಸನದ ಬಿ.ಎಂ. ರಸ್ತೆಯ ಯಾವ ಹೋಟೆಲಿನ ಟಿವಿ ಮುಂದೆ ನಿಂತರೂ ಈ ಜಗಳ ಕಿವಿಗೆ ಬೀಳುತ್ತದೆ. "ಬಾಲ್ ಲೆಗ್ ಸ್ಟಂಪಿಗೆ ಬಡೀತಿದೆ ಅಂತ ಅವರೇ ತೋರಿಸ್ತಾರೆ, ಅವರೇ ನಾಟೌಟ್ ಅಂತಾರೆ. ಇದ್ಯಾವ ನ್ಯಾಯ ಗುರು?"

ಇದು ಎಲ್‌ಬಿಡಬ್ಲ್ಯು ಜಗಳ: ಪ್ಯಾಡು ಅಡ್ಡ ಬರದಿದ್ದರೆ ಬಾಲು ವಿಕೆಟಿಗೆ ಬಡಿಯುತ್ತಿತ್ತೇ ಎಂದು ಡಿಆರ್‌ಎಸ್ ರಿವ್ಯೂನಲ್ಲಿ ಪರದೆ ನೋಡಿ ತೀರ್ಮಾನಿಸುವುದು. ಅದಕ್ಕೊಂದು ಲೆಕ್ಕ ಇದೆ. ಅದನ್ನು ಕಣ್ಣಾರೆ ನೋಡಲು ಒಂದು ಲೆದರ್ ಬಾಲ್, ಒಂದು ಸ್ಕೇಲು, ಒಂದು ಚೂರು ಇದ್ದಿಲು ಸಾಕು.

ಮೊದಲು, ನಮ್ಮ ಹುಡುಗರು ಗಲ್ಲಿಯಲ್ಲಿ ಮಾಡುವಂತೆ ಗೋಡೆಯ ಮೇಲೆ ಸ್ಟಂಪ್ ಬರೆಯಿರಿ. ಅಳತೆ ಮಾತ್ರ ನಿಜವಾದದ್ದೇ ಇರಲಿ: ಅಗಲ 22.9 ಸೆಂ.ಮೀ., ಎತ್ತರ 71.1 ಸೆಂ.ಮೀ. ಆಫ್ ಮತ್ತು ಲೆಗ್ ಸ್ಟಂಪಿನ ಹೊರಅಂಚು, ಮೇಲೆ ಸ್ಟಂಪಿನ ತುದಿ, ಕೆಳಗೆ ನೆಲ. ಈ ಚೌಕಟ್ಟೇ 'ವಿಕೆಟ್ ವಲಯ'. ಹಿಂದೆ ಇದು ಇನ್ನೂ ಕಿರಿದಾಗಿತ್ತು, ಬದಿಯ ಸ್ಟಂಪುಗಳ ನಡುಮಧ್ಯದವರೆಗೆ ಮಾತ್ರ. 2016ರಲ್ಲಿ ಅಗಲವನ್ನು ಹೊರಅಂಚಿಗೆ ತಂದರು, 2021ರಲ್ಲಿ ಎತ್ತರವನ್ನು ಬೇಲ್ಸ್‌ನ ತಳದಿಂದ ಸ್ಟಂಪಿನ ತುದಿಗೆ ಏರಿಸಿದರು.

ಈಗ ಬಾಲನ್ನು ಗೋಡೆಗೆ ಒತ್ತಿ ಹಿಡಿಯಿರಿ. ಅದರ ವ್ಯಾಸ ಸುಮಾರು 7.2 ಸೆಂ.ಮೀ., ಅಂದರೆ ನಡುಬಿಂದುವಿನಿಂದ ಅಂಚಿಗೆ 3.6. ಇಡೀ ವ್ಯವಸ್ಥೆ ನಿಂತಿರುವುದು ಈ ನಡುಬಿಂದುವಿನ ಮೇಲೆ. ಅದು ಗೆರೆಯ ಒಳಗಿದ್ದರೆ 'ಹಿಟ್ಟಿಂಗ್'. ನಡುಬಿಂದು ಹೊರಗಿದ್ದು ಬಾಲಿನ ಅಂಚಷ್ಟೇ ಗೆರೆಗೆ ತಾಗಿದರೆ 'ಅಂಪೈರ್ಸ್ ಕಾಲ್', ಅಂದರೆ ಮೈದಾನದ ಅಂಪೈರ್ ಕೊಟ್ಟ ತೀರ್ಪೇ ಉಳಿಯುತ್ತದೆ. ಎಲ್ಲೂ ತಾಗದಿದ್ದರೆ 'ಮಿಸ್ಸಿಂಗ್'. ಹಾಗಾಗಿ 'ಅರ್ಧ ತಾಗಬೇಕು' ಎನ್ನುವಾಗ ಆ ಅರ್ಧ ಬಾಲಿನದು, ಸ್ಟಂಪಿನದಲ್ಲ.

ಒಂದು ಕಲ್ಪಿತ ಎಸೆತವನ್ನೇ ತೆಗೆದುಕೊಳ್ಳಿ. ಆಫ್ ಸ್ಪಿನ್ನರ್ ಹಾಕಿದ ಬಾಲು ಬಲಗೈ ಬ್ಯಾಟ್ಸ್‌ಮನ್ ಪ್ಯಾಡಿಗೆ ಬಡಿಯಿತು, ಅಂಪೈರ್ ಬೆರಳೆತ್ತಿದರು, ಬ್ಯಾಟ್ಸ್‌ಮನ್ ರಿವ್ಯೂ ಕೇಳಿದ. ಮೂರನೇ ಅಂಪೈರ್ ಮೊದಲು ನೋಬಾಲ್ ನೋಡುತ್ತಾರೆ, ಆಮೇಲೆ ಬ್ಯಾಟಿಗೆ ತಾಗಿದೆಯೇ ಎಂದು, ಕೊನೆಗೆ ಬಾಲ್ ಟ್ರ್ಯಾಕಿಂಗ್. ಪಿಚ್ಚಾದದ್ದು ಸ್ಟಂಪಿನ ನೇರಕ್ಕೆ, ಪ್ಯಾಡಿಗೆ ಬಡಿದದ್ದೂ ನೇರಕ್ಕೆ. ಸ್ಟಂಪಿನ ಹತ್ತಿರ ಬಾಲಿನ ನಡುಬಿಂದು ಲೆಗ್ ಸ್ಟಂಪಿನ ಹೊರಅಂಚಿನಿಂದ 2 ಸೆಂ.ಮೀ. ಆಚೆ. 3.6ರಲ್ಲಿ 2 ಕಳೆದರೆ ಬಾಲಿನ 1.6 ಸೆಂ.ಮೀ. ಸ್ಟಂಪಿಗೆ ಸವರುತ್ತದೆ. ಇದು ಅಂಪೈರ್ಸ್ ಕಾಲ್. ಬೆರಳೆತ್ತಿದ್ದರಿಂದ ಔಟ್. ಇದೇ ಎಸೆತಕ್ಕೆ ಅಂಪೈರ್ ನಾಟೌಟ್ ಎಂದು ತಲೆಯಾಡಿಸಿ, ಫೀಲ್ಡಿಂಗ್ ತಂಡ ರಿವ್ಯೂ ಕೇಳಿದ್ದರೆ ನಾಟೌಟ್. ನಡುಬಿಂದು 4 ಸೆಂ.ಮೀ. ಆಚೆ ಹೋಗಿದ್ದರೆ ಎತ್ತಿದ ಬೆರಳೂ ಇಳಿಯಬೇಕು.

"ಅಷ್ಟು ಸವರಿದರೆ ಬೇಲ್ಸ್ ಬೀಳ್ತಿತ್ತಾ?" ಎಂದು ಕೇಳುವವರು ಇದ್ದೇ ಇರುತ್ತಾರೆ. ಬೌಲ್ಡ್ ಆಗಲು ಬೇಲ್ಸ್ ಬೀಳಬೇಕು, ನಿಜ. ಎಲ್‌ಬಿಡಬ್ಲ್ಯು ನಿಯಮ ಕೇಳುವುದು ಬಾಲು ವಿಕೆಟಿಗೆ ಬಡಿಯುತ್ತಿತ್ತೇ ಎಂದಷ್ಟೇ.

ಹಾಗಾದರೆ ತಾಗಿದ್ದನ್ನೆಲ್ಲ ಔಟ್ ಕೊಡಬಾರದೇಕೆ? ಕ್ಯಾಮೆರಾಗಳು ಬಾಲನ್ನು ನೋಡುವುದು ಪ್ಯಾಡಿಗೆ ಬಡಿಯುವವರೆಗೆ ಮಾತ್ರ. ಅಲ್ಲಿಂದ ಮುಂದೆ ಪರದೆಯ ಮೇಲೆ ಓಡುವ ಬಾಲು ಲೆಕ್ಕ ಹಾಕಿ ಬಿಡಿಸಿದ್ದು, ಕಂಡದ್ದಲ್ಲ. ಅದಕ್ಕೇ ಅಂಚಷ್ಟೇ ತಾಗಿದ್ದನ್ನು ಅಂಪೈರ್‌ಗೆ ಬಿಟ್ಟದ್ದು. ಬಾಲು ಪಿಚ್ಚಾದದ್ದು ಕ್ಯಾಮೆರಾ ಕಂಡದ್ದೇ, ಹಾಗಾಗಿ ಎಲ್ಲಿ ಪಿಚ್ಚಾಯಿತು ಎಂಬುದಕ್ಕೆ ಅಂಪೈರ್ಸ್ ಕಾಲ್ ಇಲ್ಲ. ಲೆಗ್ ಸ್ಟಂಪಿನ ಹೊರಗೆ ಪಿಚ್ಚಾಗಿದ್ದರೆ ನಾಟೌಟ್, ಮಾತು ಅಲ್ಲಿಗೇ ಮುಗಿಯಿತು. ಪ್ಯಾಡಿಗೆ ಎಲ್ಲಿ ಬಡಿಯಿತು ಎಂಬುದಕ್ಕೆ ಮಾತ್ರ ಇದೇ ನಡುಬಿಂದುವಿನ ಲೆಕ್ಕದಲ್ಲಿ ಅಂಪೈರ್ಸ್ ಕಾಲ್ ಇಟ್ಟಿದ್ದಾರೆ. ಅದು ನನಗೆ ಇವತ್ತಿಗೂ ಸ್ವಲ್ಪ ಅತಿ ಎನಿಸುತ್ತದೆ.

ಲೆಕ್ಕ ಎಲ್ಲಿ ಅಲುಗಾಡುತ್ತದೆ ಎಂದು ಗುರುತಿಸಲು ಎರಡು ಕಡೆ ಕಣ್ಣಿಡಿ. ಬಾಲು ಪಿಚ್ಚಾದ ಕೂಡಲೇ ಪ್ಯಾಡಿಗೆ ಬಡಿದರೆ, ಪುಟಿದ ಮೇಲಿನ ದಾರಿ ಲೆಕ್ಕಕ್ಕೆ ಸಿಗುವುದೇ ಚೂರು. ಬ್ಯಾಟ್ಸ್‌ಮನ್ ತುಂಬಾ ಮುಂದೆ ಬಂದಿದ್ದರೆ ಊಹಿಸಬೇಕಾದ ದಾರಿ ಉದ್ದ. 2011ರ ವಿಶ್ವಕಪ್‌ನಲ್ಲಿ ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಆದದ್ದು ಇದೇ. ಯುವರಾಜ್ ಎಸೆತ ಇಂಗ್ಲೆಂಡಿನ ಇಯಾನ್ ಬೆಲ್ ಪ್ಯಾಡಿಗೆ ಬಡಿದದ್ದು ಸ್ಟಂಪಿನಿಂದ ಎರಡೂವರೆ ಮೀಟರಿಗಿಂತ ದೂರದಲ್ಲಿ. ಪರದೆಯ ಮೇಲೆ ಬಾಲು ಸ್ಟಂಪಿಗೆ ಬಡಿಯಿತು. ಆದರೂ ಆಗ ಜಾರಿಯಲ್ಲಿದ್ದ ದೂರದ ನಿಯಮದಿಂದ ಅಂಪೈರ್ ಬಿಲ್ಲಿ ಬೌಡನ್ ಕೊಟ್ಟ ನಾಟೌಟ್ ಉಳಿಯಿತು. ಆ ಪಂದ್ಯ 338ಕ್ಕೆ 338, ಟೈ.

2021ರಲ್ಲಿ ಅಂಪೈರ್ಸ್ ಕಾಲ್ ಬೇಡವೆಂಬ ಕೂಗು ಎದ್ದಾಗ ಅದನ್ನು ಉಳಿಸಿಕೊಂಡ ಐಸಿಸಿ ಕ್ರಿಕೆಟ್ ಸಮಿತಿಗೆ ಅಧ್ಯಕ್ಷರಾಗಿದ್ದವರು ನಮ್ಮ ಅನಿಲ್ ಕುಂಬ್ಳೆ. ಎಲ್‌ಬಿಡಬ್ಲ್ಯು ಮನವಿ ಮಾಡಿ ಮಾಡಿ ಗಂಟಲು ಒಣಗಿಸಿಕೊಂಡ ಬೌಲರೇ ಹೀಗೆ ತೀರ್ಮಾನಿಸಿದ್ದು ನೋಡಿ! ಅಂಪೈರ್ ಕಣ್ತಪ್ಪಿ ಮಾಡಿದ ಎದ್ದು ಕಾಣುವ ತಪ್ಪು ತಿದ್ದುವುದಷ್ಟೇ ರಿವ್ಯೂನ ಕೆಲಸ, ಕೂದಲೆಳೆಯ ತೀರ್ಪು ಅಂಪೈರ್‌ನದ್ದೇ ಎಂಬುದು ಸಮಿತಿಯ ನಿಲುವು.

ಟಿವಿಯಲ್ಲಿ ಇನ್ನೊಂದನ್ನು ಗಮನಿಸಿ. 2017ರ ಸೆಪ್ಟೆಂಬರ್ ಕೊನೆಯಿಂದ, ಅಂಪೈರ್ಸ್ ಕಾಲ್‌ನಿಂದ ತೀರ್ಪು ಬದಲಾಗದಿದ್ದರೆ ತಂಡದ ರಿವ್ಯೂ ಕೈಬಿಟ್ಟು ಹೋಗುವುದಿಲ್ಲ. ರಿವ್ಯೂ ಸೋತ ನಾಯಕ ನಗುತ್ತಾ ತನ್ನ ಜಾಗಕ್ಕೆ ಮರಳಿದರೆ ಕಾರಣ ಬಹುಶಃ ಅದೇ.