ಹಳದಿಯಾದ ಕರಿಬೇವು, ತತ್ತಿ ಸಿಪ್ಪೆ ಮತ್ತು ಒಂದು ನಿಂಬೆಹಣ್ಣು

ನಮ್ಮ ಮನೆ ಹುಬ್ಬಳ್ಳಿಯ ಉಣಕಲ್ ಕಡೆ. ಮಾಳಿಗೆ ಮೇಲೆ ಇಪ್ಪತ್ತೆರಡು ಕುಂಡ ಇವೆ. ಮನೆ ಕಟ್ಟುವಾಗ ಅಡಿಪಾಯದಿಂದ ತೆಗೆದ ಎರೆ ಮಣ್ಣನ್ನೇ ಅವುಗಳಿಗೆ ತುಂಬಿದ್ದೆವು. ನಮ್ಮಲ್ಲಿ ದಿನಕ್ಕೆ ನಾಲ್ಕು ಸಲ ಚಹಾ ಆಗುತ್ತದೆ, ವಾರಕ್ಕೆ ಒಂದು ಡಜನ್ ತತ್ತಿ ಖರ್ಚಾಗುತ್ತದೆ. ಚಹಾದ ಚರಟ, ತತ್ತಿ ಸಿಪ್ಪೆ ಎರಡೂ ಗಿಡಕ್ಕೆ ಒಳ್ಳೆಯದು ಅಂತ ಎಲ್ಲರೂ ಹೇಳ್ತಾರೆ. ನಾನೂ ಒಂದೂವರೆ ವರ್ಷ ಅವನ್ನು ಒಂದು ದಿನವೂ ಬಿಸಾಡಲಿಲ್ಲ. ಹೆಚ್ಚಿನ ಪಾಲು ಹೋಗುತ್ತಿದ್ದದ್ದು ಕರಿಬೇವಿನ ಕುಂಡಕ್ಕೆ, ಯಾಕಂದ್ರೆ ಅದು ಮೆಟ್ಟಿಲ ಪಕ್ಕದಲ್ಲೇ ಇತ್ತು.

ಮಳೆಗಾಲದಲ್ಲಿ ಆ ಕರಿಬೇವು ಹಳದಿ ಆಗತೊಡಗಿತು. ಕೆಳಗಿನ ಹಳೆಯ ಎಲೆಗಳು ಹಸಿರಾಗಿಯೇ ಇದ್ದವು. ತುದಿಯ ಚಿಗುರು ಮಾತ್ರ ಹಳದಿ, ಅದರಲ್ಲೂ ಎಲೆಯ ನರಗಳು ಹಸಿರಾಗಿ, ನಡುವಿನ ಜಾಗ ಮಾತ್ರ ಬಣ್ಣ ಕಳೆದುಕೊಂಡಿತ್ತು. ಗಿಡಕ್ಕೆ ಸುಣ್ಣದಂಶ ಸಾಲದು ಅಂದುಕೊಂಡೆ. ಸಿಪ್ಪೆಯನ್ನು ಮಿಕ್ಸಿಯಲ್ಲಿ ನುಣ್ಣಗೆ ಪುಡಿ ಮಾಡಿ, ಮೂರು ಹಿಡಿ ಹಾಕಿ ಕೆದಕಿದೆ. ತಿಂಗಳೊಳಗೆ ಹೊಸ ಚಿಗುರು ಇನ್ನೂ ಬಿಳಿಚಿಕೊಂಡು ಬಂತು.

ಗೊಬ್ಬರ ತರಲು ಹೋದಾಗ ಎರಡು ಎಲೆ ಕಿತ್ತುಕೊಂಡು ಹೋಗಿ ನರ್ಸರಿಯ ಹಿರಿಯರಿಗೆ ತೋರಿಸಿದೆ. ಅವರು ಎಲೆಯನ್ನು ಬೆಳಕಿಗೆ ಹಿಡಿದು ನೋಡಿ ಕೇಳಿದರು, "ಮಣ್ಣು ಯಾವುದ್ರಿ ಅಕ್ಕಾರ?"

"ಎರಿ ಮಣ್ಣ್ರಿ."

"ನೀರು?"

"ಬೋರಿಂದು."

"ಹಂಗಾರ ತತ್ತಿ ಸಿಪ್ಪಿ ಯಾಕ ಹಾಕಿದ್ರಿ? ಆ ಮಣ್ಣಾಗ ಸುಣ್ಣ ಮೊದಲ ಐತಿ. ಮನಿಗೆ ಹೋಗಿ ಒಂದು ನಿಂಬಿಹಣ್ಣು ಹಿಂಡಿ ನೋಡ್ರಿ."

ನೋಡಿದೆ. ಕುಂಡದ ಮಣ್ಣಿನ ಮೇಲೆ ಹಿಂಡಬಾರದು, ಅದರಲ್ಲಿ ಸಿಪ್ಪೆ ಪುಡಿ ಇರುತ್ತದೆ, ಅದೇ ನೊರೆ ಏಳಿಸಿ ಮೋಸ ಮಾಡುತ್ತದೆ. ಹಿತ್ತಲಲ್ಲಿ ಇನ್ನೂ ಉಳಿದಿದ್ದ ಎರೆ ಮಣ್ಣಿನ ಗುಡ್ಡೆಯಿಂದ ಒಂದು ಹಿಡಿ ತಂದು, ಒಣಗಿಸಿ, ತಟ್ಟೆಯಲ್ಲಿ ಹರಡಿ ರಸ ಹಿಂಡಿದೆ. ಮಣ್ಣಿನಲ್ಲಿ ಜೋಳದ ಕಾಳಿನಷ್ಟು ದೊಡ್ಡ ಬಿಳಿ ಹರಳುಗಳಿದ್ದವು. ಅವುಗಳ ಮೇಲೆ ರಸ ಬಿದ್ದ ಕಡೆಯೆಲ್ಲ ಸಣ್ಣ ಗುಳ್ಳೆ ಎದ್ದು ಸುರ್ ಅಂತ ಸದ್ದಾಯಿತು. ಅದು ಸುಣ್ಣದ ಕಲ್ಲು. ತತ್ತಿ ಸಿಪ್ಪೆಯೂ ಬಹುಪಾಲು ಅದೇ ವಸ್ತು, ಕ್ಯಾಲ್ಸಿಯಂ ಕಾರ್ಬೊನೇಟ್. ಇದ್ದ ಸುಣ್ಣದ ಮೇಲೆ ನಾನು ಮತ್ತಷ್ಟು ಸುಣ್ಣ ಸುರಿದಿದ್ದೆ.

ಸುಣ್ಣ ಜಾಸ್ತಿ ಇರುವ ಮಣ್ಣಿನಲ್ಲಿ ಕಬ್ಬಿಣದ ಅಂಶ ಇದ್ದರೂ ಬೇರಿಗೆ ಸಿಗುವುದಿಲ್ಲ. ಅದು ಕರಗದೆ ಮಣ್ಣಿನಲ್ಲೇ ಕೂತುಬಿಡುತ್ತದೆ. ಹಳೆಯ ಎಲೆಯಲ್ಲಿರುವ ಕಬ್ಬಿಣವನ್ನು ಗಿಡ ಚಿಗುರಿಗೆ ಸಾಗಿಸಲಾರದು, ಹಾಗಾಗಿ ಮೊದಲು ಹಳದಿಯಾಗುವುದು ಚಿಗುರೇ. ಗಡಸು ಬೋರ್ ನೀರು ಇದನ್ನು ಹೆಚ್ಚಿಸುತ್ತದೆ. ಮಣ್ಣು ಸದಾ ಒದ್ದೆ ಇದ್ದರೂ ಹೆಚ್ಚಾಗುತ್ತದೆ. ನನ್ನ ಕುಂಡ ಒದ್ದೆ ಇದ್ದದ್ದು ಚಹಾದ ಚರಟದಿಂದ.

ನಮ್ಮದು ಹಾಲು, ಸಕ್ಕರೆ ಹಾಕಿ ಕುದಿಸುವ ಚಹಾ. ಸೋಸಿದ ಚರಟವನ್ನು ಹಾಗೇ ಕುಂಡಕ್ಕೆ ಬಡಿಯುತ್ತಿದ್ದೆ. ಕೈಯಿಂದ ಕೆದಕಿದಾಗ ಮೇಲಿನ ಎರಡು ಬೆರಳಷ್ಟು ಪದರ ಅಂಟಂಟಾಗಿ, ಹುಳಿ ವಾಸನೆ ಹೊಡೆಯುತ್ತಿತ್ತು. ಇರುವೆ ಸಾಲು ಒಂದು ಕಡೆ, ಕುಂಡ ಅಲ್ಲಾಡಿಸಿದರೆ ಏಳುವ ಸಣ್ಣ ಕರಿ ನೊಣ ಇನ್ನೊಂದು ಕಡೆ. ಆ ನೊಣದ ಮರಿಹುಳು ಒದ್ದೆ ಪದರದಲ್ಲೇ ಬೆಳೆದು ಎಳೆ ಬೇರನ್ನು ಕಡಿಯುತ್ತವೆ. ಮೊದಮೊದಲು ಕೈಯಲ್ಲೇ ಮುರಿದು ಹಾಕಿದ್ದ ತತ್ತಿ ಸಿಪ್ಪೆಯ ದೊಡ್ಡ ಚೂರುಗಳು ಅದರ ಕೆಳಗೆ ಸಿಕ್ಕವು. ಒಂದೂವರೆ ವರ್ಷವಾದರೂ ಅಂಚು ಸಹ ಸವೆದಿರಲಿಲ್ಲ. ಸುಣ್ಣದ ಮಣ್ಣಿನಲ್ಲಿ ಸಿಪ್ಪೆ ಕರಗುವುದೇ ಇಲ್ಲ. ಅದು ಕರಗಬೇಕಾದರೆ ಹುಳಿ ಮಣ್ಣು ಬೇಕು.

ಆ ಪದರವನ್ನೆಲ್ಲ ಕೆರೆದು ತೆಗೆದೆ. ಬೇರಿಗೆ ಪೆಟ್ಟಾಗದಂತೆ ಸುಮಾರು ಅರ್ಧ ಮಣ್ಣು ಬದಲಿಸಿ ಕೆಂಪು ಮಣ್ಣು, ಚೆನ್ನಾಗಿ ಕಳಿತ ಸಗಣಿ ಗೊಬ್ಬರ ತುಂಬಿದೆ. ಆಮೇಲೆ ಅನ್ನಭೇದಿ, ಅಂದರೆ ಕಬ್ಬಿಣದ ಸಲ್ಫೇಟ್ ತಂದೆ, ಅದು ಕೃಷಿ ಅಂಗಡಿಯಲ್ಲಿ ಸಿಗುತ್ತದೆ. ತಿಳಿ ಹಸಿರು ಹರಳು ಇರಬೇಕು. ಕಂದು ಬಣ್ಣಕ್ಕೆ ತಿರುಗಿದ್ದರೆ ಕೆಟ್ಟಿದೆ ಅಂತ ಅರ್ಥ, ತರಬೇಡಿ. ಒಂದು ಲೀಟರ್ ಮಳೆ ನೀರಿಗೆ ಮೊದಲು ಅರ್ಧ ನಿಂಬೆಹಣ್ಣು ಹಿಂಡಿ, ನಂತರ 5 ಗ್ರಾಂ ಅನ್ನಭೇದಿ ಕರಗಿಸಿ, ಸೋಸಿ, ಸಂಜೆ ಹೊತ್ತು ಎಲೆಗಳಿಗೆ ಸಿಂಪಡಿಸಿದೆ. ಬಿಸಿಲಲ್ಲಿ ಹೊಡೆದರೆ ಎಲೆ ಸುಡುತ್ತದೆ. ಗೋಡೆ, ನೆಲದ ಮೇಲೆ ಬಿದ್ದರೆ ತುಕ್ಕಿನ ಕಲೆ ಆಗುತ್ತದೆ, ನಮ್ಮ ಪ್ಯಾರಾಪೆಟ್ ಮೇಲೆ ಇನ್ನೂ ಇದೆ. ಹದಿನೈದು ದಿನ ಬಿಟ್ಟು ಮತ್ತೊಮ್ಮೆ ಹೊಡೆದೆ, ಅಷ್ಟೂ ದಿನ ಒಗ್ಗರಣೆಗೆ ಆ ಗಿಡದ ಎಲೆ ಕೀಳಲಿಲ್ಲ. ಮೂರನೇ ವಾರ ಬಂದ ಚಿಗುರು ಹಸಿರಾಗಿತ್ತು. ಅದಕ್ಕೂ ಮುಂಚೆ ಪೂರ್ತಿ ಬಿಳಿಚಿದ್ದ ಎಲೆಗಳು ಮಾತ್ರ ಹಾಗೇ ಉಳಿದು ಉದುರಿದವು.

ಕಾಫಿ ಚರಟದ ಪಾಠ ಬೇರೆ. ನಮ್ಮ ಓಣಿಯ ಕೊನೆಯ ಹೋಟೆಲ್‌ನಿಂದ ಒಂದು ಬಕೆಟ್ ತಂದಿದ್ದೆ. ಕಾಫಿ ಚರಟ ಹಾಕಿದರೆ ಮಣ್ಣು ಹುಳಿಯಾಗುತ್ತದೆ, ನಮ್ಮ ಸುಣ್ಣದ ಮಣ್ಣಿಗೆ ಅದೇ ಮದ್ದು ಅಂತ ನಂಬಿದ್ದೆ. ಆದರೆ ಹುಳಿಯ ಬಹುಪಾಲು ಡಿಕಾಕ್ಷನ್ ಜೊತೆ ಇಳಿದು ಹೋಗಿರುತ್ತದೆ, ಉಳಿದ ಚರಟ ಹೆಚ್ಚುಕಡಿಮೆ ಸಪ್ಪೆ. ಒಂದು ಮೆಂತ್ಯದ ಟ್ರೇಗೆ ಅರ್ಧದಷ್ಟು ಚರಟ ಬೆರೆಸಿದೆ, ಪಕ್ಕದ ಟ್ರೇಗೆ ಏನೂ ಬೆರೆಸಲಿಲ್ಲ. ಬರಿ ಮಣ್ಣಿನಲ್ಲಿ ನಾಲ್ಕನೇ ದಿನ ಮೆಂತ್ಯ ಒತ್ತಾಗಿ ಎದ್ದಿತು. ಚರಟದ ಟ್ರೇಯಲ್ಲಿ ಅಲ್ಲೊಂದು ಇಲ್ಲೊಂದು, ಅವೂ ಗಿಡ್ಡ. ಹಸಿ ಚರಟದಲ್ಲಿ ಉಳಿದಿರುವ ಕೆಫೀನ್‌ನಂಥ ವಸ್ತುಗಳು ಮೊಳಕೆಯನ್ನು ತಡೆಯುತ್ತವೆ. ಅದು ಕೊಳೆಯುವಾಗ ಸೂಕ್ಷ್ಮಜೀವಿಗಳು ಮಣ್ಣಿನ ಸಾರಜನಕವನ್ನೇ ಮೊದಲು ಎಳೆದುಕೊಳ್ಳುತ್ತವೆ. ಒಣಗಿದ ಮೇಲೆ ಚರಟ ಹಪ್ಪಳದಂತೆ ಗಟ್ಟಿಯಾಗಿ, ನೀರು ಒಳಗಿಳಿಯದೆ ಅಂಚಿನಿಂದ ಹರಿದು ಹೋಗುತ್ತಿತ್ತು. ಆ ಬಕೆಟ್ ತೊಳೆದು ಬಚ್ಚಲಿಗೆ ಸುರಿದದ್ದು ಇನ್ನೊಂದು ತಪ್ಪು. ಪೈಪಿನ ತಿರುವಿನಲ್ಲಿ ಎಣ್ಣೆ ಜಿಡ್ಡಿನ ಜೊತೆ ಕೂತು ನೀರು ಕಟ್ಟಿತು.

ಈಗ ಚರಟ ಯಾವುದೇ ಇರಲಿ, ನೇರ ಕುಂಡಕ್ಕೆ ಹೋಗುವುದಿಲ್ಲ. ಚಹಾ ಚರಟವನ್ನು ಜರಡಿಯಲ್ಲೇ ಎರಡು ಸಲ ನೀರು ಹಾಕಿ ತೊಳೆದು, ಹಳೆ ಪೇಪರ್ ಮೇಲೆ ಹರಡಿ, ಕೈಗೆ ಅಂಟದಷ್ಟು ಒಣಗಿಸುತ್ತೇನೆ. ಮಾಳಿಗೆ ಮೇಲೆ ಒಂದು ತೂತು ಮಾಡಿದ ಡ್ರಮ್ ಇದೆ, ಅದರಲ್ಲಿ ಒಣ ಎಲೆ, ತರಕಾರಿ ಸಿಪ್ಪೆ, ಚರಟ ಹಾಕುತ್ತೇನೆ. ಒಟ್ಟು ಐದು ಬುಟ್ಟಿಯಲ್ಲಿ ಚರಟ ಒಂದು ಬುಟ್ಟಿ ಮೀರಬಾರದು. ಮೀರಿದರೆ ಮುದ್ದೆಯಾಗಿ ನಾರುತ್ತದೆ. ವಾರಕ್ಕೊಮ್ಮೆ ಕೋಲಿನಿಂದ ತಿರುವುತ್ತೇನೆ. ಮೂರ್ನಾಲ್ಕು ತಿಂಗಳಿಗೆ ಮಣ್ಣಿನ ವಾಸನೆ ಬರುತ್ತದೆ. ಆಗ ಒಂದು ಚಮಚ ಮೆಂತ್ಯ ಅದರಲ್ಲಿ ಬಿತ್ತಿ ನೋಡುತ್ತೇನೆ. ಎಲ್ಲ ಎದ್ದರೆ ಕುಂಡಕ್ಕೆ, ಇಲ್ಲದಿದ್ದರೆ ಇನ್ನೊಂದು ತಿಂಗಳು ಡ್ರಮ್‌ನಲ್ಲೇ.

ತತ್ತಿ ಸಿಪ್ಪೆ ತೊಳೆದು, ಬಿಸಿಲಿಗೆ ಒಣಗಿಸಿ, ಗೋಧಿ ಹಿಟ್ಟಿನಷ್ಟು ನುಣ್ಣಗೆ ಪುಡಿ ಮಾಡಿ ಡಬ್ಬಿಯಲ್ಲಿ ಇಡುತ್ತೇನೆ. ಅದು ನನ್ನ ಕುಂಡಗಳಿಗಲ್ಲ. ನನ್ನ ತಂಗಿ ಅಳ್ನಾವರದಲ್ಲಿ ಇದ್ದಾಳೆ. ಅಲ್ಲಿ ಮಳೆ ಜಾಸ್ತಿ, ಅವಳ ಹಿತ್ತಲಿನದು ಕೆಂಪು ಮಣ್ಣು. ಅದೇ ನಿಂಬೆಹಣ್ಣು ಹಿಂಡಿದಾಗ ಒಂದು ಗುಳ್ಳೆಯೂ ಏಳಲಿಲ್ಲ. ಪ್ರತಿ ಸಲ ಊರಿಗೆ ಹೋಗುವಾಗ ಡಬ್ಬಿ ಒಯ್ದು ಅವಳ ಬದನೆ ಪಾತಿಗೆ ಬೆರೆಸಿ ಬರುತ್ತೇನೆ. ಬರುವಾಗ ಅದೇ ಡಬ್ಬಿಯಲ್ಲಿ ಅವಳು ಬದನೆ ಬೀಜ ಕಳಿಸುತ್ತಾಳೆ.